ಗೈಡ್ ನನ್ನ "ಮೋರೋವರ್"ಗಳಿಗೆಲ್ಲ ಕೆಂಪು ಸುತ್ತು ಹಾಕಿದ್ದಾರೆ, ತಪ್ಪೇನು ಅಂತ ತಿಳೀತಿಲ್ಲ

ಕೆರೆದಂಡೆ

ಎಲ್ಲರಿಗೂ ನಮಸ್ಕಾರ. ಕೃಷಿ ಅರ್ಥಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಕೋಲಾರದ ಕಡೆಯ ಟೊಮೆಟೊ ಬೆಳೆಗಾರರು ಮತ್ತು ಹನಿ ನೀರಾವರಿ ನನ್ನ ವಿಷಯ. ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ, ಥೀಸಿಸ್ ಬರೆಯಬೇಕಾಗಿರುವುದು ಇಂಗ್ಲಿಷಿನಲ್ಲಿ. ವ್ಯಾಕರಣ ಹೇಗೋ ಸರಿಮಾಡಿಕೊಳ್ಳುತ್ತೇನೆ, ಆದರೆ ಮೊದಲ ಅಧ್ಯಾಯ ವಾಪಸ್ ಬಂದಾಗ ಪ್ರತಿ ಮೋರೋವರ್, ವೇರಾಸ್, ನಾಟ್‌ವಿತ್‌ಸ್ಟ್ಯಾಂಡಿಂಗ್‌ಗೂ ಕೆಂಪು ಸುತ್ತು. ಪಕ್ಕದಲ್ಲಿ ಒಂದೇ ಮಾತು: "ಯಾವುದಕ್ಕೆ ಯಾವುದು ಸಂಬಂಧ?" ಅಷ್ಟೇ. ಕೇಳಲು ಹೋದರೆ "ನೀನೇ ಯೋಚನೆ ಮಾಡು" ಅಂದರು.

ಒಂದು ಪ್ಯಾರಾ ಇಲ್ಲಿ ಹಾಕುತ್ತೇನೆ. ವಾಕ್ಯಗಳನ್ನು ಕನ್ನಡಕ್ಕೆ ತಂದಿದ್ದೇನೆ, ಜೋಡಿಸುವ ಪದಗಳನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ:

"ನಾವು ಮಾತಾಡಿಸಿದ ರೈತರಲ್ಲಿ ಹೆಚ್ಚಿನವರು ಹನಿ ನೀರಾವರಿ ಹಾಕಿಸಿದ್ದಾರೆ. ಮೋರೋವರ್, ಇದಕ್ಕೆ ಸರ್ಕಾರದ ಸಬ್ಸಿಡಿ ಇದೆ. ಮೋರೋವರ್, ಡ್ರಿಪ್ಪರ್‌ಗಳಲ್ಲಿ ಉಪ್ಪು ಕಟ್ಟಿ ತೂತು ಮುಚ್ಚಿಕೊಳ್ಳುತ್ತದೆ. ವೇರಾಸ್ ಕೊಳವೆಬಾವಿಯಿಂದ ಎತ್ತುವ ನೀರು ಕಡಿಮೆಯಾಗಿಲ್ಲ. ನಾಟ್‌ವಿತ್‌ಸ್ಟ್ಯಾಂಡಿಂಗ್, ರೈತರಿಗೆ ಇದರಿಂದ ತೃಪ್ತಿಯಿದೆ."

ಇದರಲ್ಲಿ ಸುಳ್ಳು ಒಂದೂ ಇಲ್ಲ. ಮತ್ತೆ ತಪ್ಪೇನು?

ಸುಮ_ಕೋಚಿಂಗ್

ನಾನು ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಗೆ ಹೇಳಿಕೊಡುತ್ತೇನೆ. ನಿಮ್ಮ ಸಮಸ್ಯೆ ಸಿಂಪಲ್, ಮೋರೋವರ್ ಎರಡು ಸಲ ಬಂದಿದೆ. ಒಂದನ್ನು ಫರ್ದರ್‌ಮೋರ್ ಮಾಡಿ, ಇನ್ನೊಂದನ್ನು ಇನ್ ಅಡಿಷನ್ ಮಾಡಿ. ನಮ್ಮ ಕ್ಲಾಸಿನಲ್ಲಿ ಒಂದು ಪಟ್ಟಿ ಕೊಡುತ್ತೇವೆ: ಸೇರಿಸುವುದಕ್ಕೆ ಇವು, ವಿರೋಧಕ್ಕೆ ಇವು, ಕಾರಣಕ್ಕೆ ಇವು ಅಂತ. ಪಟ್ಟಿಯಿಂದ ಬೇರೆ ಬೇರೆ ಪದ ಹಾಕಿದಷ್ಟೂ ಬ್ಯಾಂಡ್, ಅಂದರೆ ಅಂಕ, ಜಾಸ್ತಿ.

ಹಳೇಮೇಷ್ಟ್ರು

ಸುಮಾ ಅವರೇ, ಪಟ್ಟಿ ತಪ್ಪಲ್ಲ, ಆದರೆ ಕೊನೆಯ ಮಾತು ಪೂರ್ತಿ ನಿಜವಲ್ಲ. ಅದೇ ಪರೀಕ್ಷೆಯವರು ಬರವಣಿಗೆಗೆ ಅಂಕ ಕೊಡುವ ಅಳತೆಗೋಲನ್ನು ಎಲ್ಲರಿಗೂ ಕಾಣುವ ಹಾಗೆ ಇಟ್ಟಿದ್ದಾರೆ. ಅದರಲ್ಲಿ ಬ್ಯಾಂಡ್ 7ಕ್ಕೆ ಬಗೆಬಗೆಯ ಜೋಡಣೆ ಬೇಕು ಅಂತ ಇದೆ, ಸರಿ. ಆದರೆ ಬ್ಯಾಂಡ್ 9ರಲ್ಲಿ ಜೋಡಣೆ ಓದುವವರ ಕಣ್ಣಿಗೆ ಬೀಳುವುದೇ ತೀರಾ ಅಪರೂಪವಾಗಿರಬೇಕು ಅಂತ ಇದೆ! ಅಂದರೆ ಮೇಲಕ್ಕೆ ಹೋದಷ್ಟೂ ಹೊಲಿಗೆ ಕಾಣಬಾರದು. ಮೂವತ್ತು ವರ್ಷ ಡಿಗ್ರಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿದವನು ನಾನು. ಇಂಥ ಪಟ್ಟಿಗಳನ್ನು ನಾನೂ ಬೋರ್ಡಿನ ಮೇಲೆ ಬರೆದಿದ್ದೇನೆ, ಆ ಪಾಪದಲ್ಲಿ ನನಗೂ ಪಾಲಿದೆ.

ಕೆರೆದಂಡೆ, ಮೊದಲು ಮೋರೋವರ್ ನೋಡೋಣ. ಇದು "ಇನ್ನೊಂದು ವಿಷಯ" ಅಲ್ಲ, "ಅದೇ ಮಾತಿಗೆ ಇನ್ನೊಂದು ಕಾರಣ". ಕನ್ನಡದ "ಮೇಲಾಗಿ"ಗೆ ಹತ್ತಿರ. ಒಂದು ಮಾತು ಹೇಳುತ್ತೇನೆ ನೋಡಿ: "ಆ ಮನೆ ಬೇಡ ಮಾರಾಯ. ಬಾಡಿಗೆ ಜಾಸ್ತಿ. ಮೇಲಾಗಿ ವಾರಕ್ಕೆ ಎರಡೇ ದಿನ ನೀರು." ಚೆನ್ನಾಗಿದೆ. ಈಗ ಇದನ್ನು ಓದಿ: "ಬಾಡಿಗೆ ಜಾಸ್ತಿ. ಮೇಲಾಗಿ ಗೋಡೆಗೆ ನೀಲಿ ಬಣ್ಣ ಹೊಡೆದಿದ್ದಾರೆ." ನಗು ಬರುತ್ತದೆ ಅಲ್ವಾ? ನೀಲಿ ಬಣ್ಣವೂ ನಿಜವೇ. ಆದರೆ ಅದು "ಮನೆ ಬೇಡ" ಅನ್ನುವ ಕಡೆಗೆ ತಳ್ಳುವುದಿಲ್ಲ. ಮೋರೋವರ್ ಹಾಕುವ ಮುಂಚೆ ಕೇಳಿಕೊಳ್ಳಬೇಕಾದದ್ದು ಇಷ್ಟೇ: ಎರಡೂ ವಾಕ್ಯ ಸೇರಿ ಯಾವ ತೀರ್ಮಾನವನ್ನು ಹೊರುತ್ತಿವೆ? ಆ ತೀರ್ಮಾನವನ್ನು ಒಂದು ಸಾಲಿನಲ್ಲಿ ಹೇಳಲು ಆಗದಿದ್ದರೆ ಮೋರೋವರ್ ಅಲ್ಲಿ ಸುಮ್ನೆ ಕೂತಿದೆ.

ನಿಮ್ಮ ಪ್ಯಾರಾದಲ್ಲಿ ರೈತರು ಡ್ರಿಪ್ ಹಾಕಿಸಿದ್ದಾರೆ ಅನ್ನುವುದು ಒಂದು ಸಂಗತಿ. ಸಬ್ಸಿಡಿ ಇರುವುದು ಬಹುಶಃ ಅದಕ್ಕೆ ಕಾರಣ. ತೂತು ಮುಚ್ಚಿಕೊಳ್ಳುವುದು ತೊಂದರೆ. ಒಂದು ಸಂಗತಿ, ಒಂದು ಕಾರಣ, ಒಂದು ತೊಂದರೆ, ಈ ಮೂರನ್ನೂ ಒಂದೇ ಹಗ್ಗದಲ್ಲಿ ಕಟ್ಟಿದ್ದೀರಿ. ಫರ್ದರ್‌ಮೋರ್ ಅಂತ ಬದಲಾಯಿಸಿದರೆ ಹಗ್ಗದ ಬಣ್ಣ ಬದಲಾಗುತ್ತದೆ, ಅಷ್ಟೇ.

ಡೆಸ್ಕ್_ರಾತ್ರಿಪಾಳಿ

ಪತ್ರಿಕೆಯಲ್ಲಿ ಅನುವಾದದ ಕೆಲಸ ನನ್ನದು, ದಿನಾ ಎರಡೂ ದಿಕ್ಕಿಗೆ. ಮೇಷ್ಟ್ರ ಮಾತಿಗೆ ಒಂದು ಸೇರಿಸುತ್ತೇನೆ. ನಮ್ಮವರ ಮೋರೋವರ್ ಹಿಂದೆ ಬಹಳ ಸಲ ಕನ್ನಡದ "ಇನ್ನು" ಅಡಗಿರುತ್ತದೆ. "ಇನ್ನು ಡ್ರಿಪ್ಪರ್ ವಿಷಯಕ್ಕೆ ಬಂದರೆ..." ಅಂತ ಮನಸ್ಸಿನಲ್ಲಿ ಬರುತ್ತದೆ, ಕೈ ಮೋರೋವರ್ ಅಂತ ಬರೆಯುತ್ತದೆ. ಆದರೆ ಈ "ಇನ್ನು" ಸೇರಿಸುವುದಿಲ್ಲ, ದಾರಿ ತಿರುಗಿಸುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ "ಆಸ್ ಫಾರ್" ಇದೆ, ಅಥವಾ ಏನೂ ಹಾಕದೆ ಹೊಸ ಪ್ಯಾರಾ ಶುರು ಮಾಡಿದರೆ ಸಾಕು.

ಹಾಗೇ "ಸಾಲದ್ದಕ್ಕೆ" ಕೂಡ ಒಂಥರಾ ಮೋರೋವರೇ, ಆದರೆ ಕೆಟ್ಟದ್ದರ ಮೇಲೆ ಕೆಟ್ಟದ್ದು ಬಂದಾಗ ಮಾತ್ರ. "ಸಾಲದ್ದಕ್ಕೆ ಬಡ್ತಿಯೂ ಸಿಕ್ಕಿತು" ಅಂತ ಯಾರಾದರೂ ಹೇಳಿದರೆ ಹೊಟ್ಟೆಕಿಚ್ಚು ಅಂತ ಗೊತ್ತಾಗುತ್ತದೆ :)

ಬಾಡಿಗೆಮನೆ_78

ಮನೆ ವಿಷಯ ಬಂತಲ್ಲ, ಅದಕ್ಕೆ ಕೇಳ್ತೀನಿ. ವೇರಾಸ್ ಅಂದರೆ "ಆದರೆ" ಅಂತ ಎಲ್ಲರೂ ಹೇಳುತ್ತಾರೆ. ನನ್ನ ಬಾಡಿಗೆ ಅಗ್ರಿಮೆಂಟಿನಲ್ಲಿ ಶುರುವಿನಲ್ಲೇ ದಪ್ಪಕ್ಷರದಲ್ಲಿ ವೇರಾಸ್ ಇದೆ. ಮಾಲೀಕರು ಈ ಮನೆಯ ಒಡೆಯರಾಗಿದ್ದು ಅಂತ ಮುಂದುವರಿಯುತ್ತದೆ. ಅಲ್ಲಿ "ಆದರೆ" ಎಲ್ಲಿಂದ ಬಂತು? ಟೈಪ್ ಮಾಡುವವರ ತಪ್ಪಾ? ನಮ್ಮ ಮಾಲೀಕರು ಎಲ್ಲದಕ್ಕೂ "ಆದರೆ" ಅನ್ನುವ ಮನುಷ್ಯ, ಅದಕ್ಕೇ ಹಾಕಿಸಿದರೇನೋ.

ಧಾರವಾಡ_ವಕೀಲ

ತಪ್ಪಲ್ರೀ. ಅದು ಬೇರೆ ವೇರಾಸ್. ಪತ್ರಗಳ ಶುರುವಿನಲ್ಲಿ ಬರುವ ವೇರಾಸ್ ಅಂದರೆ "ಹೀಗಿರುವುದರಿಂದ" ಅಂತ. ಒಡೆಯರು ಇವರು, ಬಾಡಿಗೆಗೆ ಕೊಡಲು ಒಪ್ಪಿದ್ದಾರೆ, ಅವರು ತೆಗೆದುಕೊಳ್ಳಲು ಒಪ್ಪಿದ್ದಾರೆ, ಅಂತ ಹಿನ್ನೆಲೆಯನ್ನೆಲ್ಲ ವೇರಾಸ್ ವೇರಾಸ್ ಅಂತ ಹೇಳಿ, ಆಮೇಲೆ "ಆದಕಾರಣ ಈ ಪತ್ರ" ಅಂತ ಬರುತ್ತದೆ. ವಿರೋಧ ಅಲ್ಲಿ ಇಲ್ಲವೇ ಇಲ್ಲ. ಥೀಸಿಸ್‌ನಲ್ಲಿ ಈ ಅರ್ಥಕ್ಕೆ ಬಳಸಬ್ಯಾಡ್ರಿ, ಪರೀಕ್ಷಕರು ಸ್ಟ್ಯಾಂಪ್ ಪೇಪರ್ ಹುಡುಕ್ತಾರ.

ಹಳೇಮೇಷ್ಟ್ರು

ವಕೀಲರು ಹೇಳಿದ್ದು ಸರಿ. ಥೀಸಿಸ್‌ನ ವೇರಾಸ್ ಬೇರೆ. ಅದು ಎರಡು ಬೇರೆ ಬೇರೆ ವಸ್ತುಗಳನ್ನು ಒಂದೇ ಗೆರೆಯ ಮೇಲೆ ನಿಲ್ಲಿಸಿ ಅಳೆಯುತ್ತದೆ. ಒಂದು ಊರು, ಇನ್ನೊಂದು ಊರು. ಡ್ರಿಪ್ ಇರುವ ರೈತರು, ಇಲ್ಲದ ರೈತರು. ಪರೀಕ್ಷೆ ಸುಲಭ: ಎರಡು ತುಂಡುಗಳನ್ನು ಅದಲು ಬದಲು ಮಾಡಿ. ಅರ್ಥ ಕೆಡದಿದ್ದರೆ ಅದು ವೇರಾಸ್. "ಅಣ್ಣ ಕುಳ್ಳ, ವೇರಾಸ್ ತಮ್ಮ ಉದ್ದ." ತಿರುಗಿಸಿದರೂ ಅದೇ.

ಕೆರೆದಂಡೆ ಅವರ ವಾಕ್ಯದಲ್ಲಿ ಎರಡು ವಸ್ತುಗಳಿಲ್ಲ. ಅದೇ ರೈತರು, ಅದೇ ಹೊಲ. ಡ್ರಿಪ್ ಹಾಕಿಸಿದ್ದಾರೆ, ಹಾಗಾದರೆ ನೀರು ಉಳಿಯಬೇಕಿತ್ತು ಅಂತ ಓದುವವನು ಅಂದುಕೊಳ್ಳುತ್ತಾನೆ, ಆದರೆ ಉಳಿದಿಲ್ಲ. ಇದು ಹೋಲಿಕೆ ಅಲ್ಲ, ನಿರೀಕ್ಷೆ ಮುರಿದದ್ದು. ಇದಕ್ಕೆ ಬೇಕಾದದ್ದು ಹೌಎವರ್ ಅಥವಾ ಯೆಟ್, ಇಲ್ಲವೇ ಎರಡನ್ನೂ ಒಂದೇ ವಾಕ್ಯ ಮಾಡಿ ಆಲ್ದೋ.

ಡೆಸ್ಕ್_ರಾತ್ರಿಪಾಳಿ

ವೇರಾಸ್‌ಗೆ ಕನ್ನಡದಲ್ಲಿ ಏನು ಅಂತ ಯಾರೂ ಹೇಳಲಿಲ್ಲ. "ಆದರೆ" ಅಂತ ಶಾಲೆಯಲ್ಲಿ ಕಲಿಸುತ್ತಾರೆ. ನಿಜವಾಗಿ ನಾವು ಬಳಸುವುದು ಕ್ರಿಯಾಪದದ ಕೊನೆಯ "-ದರೆ"! "ಅಕ್ಕ ಮೈಸೂರಿನಲ್ಲಿದ್ದರೆ ತಂಗಿ ಹುಬ್ಬಳ್ಳಿಯಲ್ಲಿದ್ದಾಳೆ." ಇಲ್ಲಿ ಷರತ್ತು ಏನೂ ಇಲ್ಲ. ಅಕ್ಕ ಮೈಸೂರು ಬಿಟ್ಟರೆ ತಂಗಿ ಹುಬ್ಬಳ್ಳಿ ಬಿಡುತ್ತಾಳೆ ಅಂತ ಅಲ್ಲ. ಪತ್ರಿಕೆಗಳಲ್ಲಿ ದಿನಾ ಹತ್ತು ಸಲ ಬರುತ್ತದೆ. ಆದರೆ ರೂಪ ಮಾತ್ರ "ಮಳೆ ಬಂದರೆ ಹೋಗಲ್ಲ" ಅನ್ನುವ ಷರತ್ತಿನದ್ದೇ. ಹಾಗಾಗಿ ಇಂಗ್ಲಿಷಿಗೆ ಹೋಗುವಾಗ ಜನ ಅದನ್ನು "ಇಫ್" ಮಾಡಿಬಿಡುತ್ತಾರೆ. ಹೊಸದಾಗಿ ಸೇರಿದವರ ಕಾಪಿಯಲ್ಲಿ ಇದನ್ನು ಎಷ್ಟು ತಿದ್ದಿದ್ದೇನೋ ಲೆಕ್ಕ ಇಲ್ಲ.

ಕೆರೆದಂಡೆ

ಅಯ್ಯೋ, ಇದು ನನ್ನದೇ ಕಥೆ. ಎರಡನೇ ಅಧ್ಯಾಯದ ಮೊದಲ ಸಾಲು ಈಗ ತೆಗೆದು ನೋಡಿದೆ. "ಕೋಲಾರದ ರೈತರು ಕೊಳವೆಬಾವಿಯನ್ನು ನಂಬಿದ್ದರೆ, ಮಂಡ್ಯದ ರೈತರಿಗೆ ಕೆಆರ್‌ಎಸ್ ನಾಲೆಯ ನೀರಿದೆ" ಅಂತ ಮನಸ್ಸಿನಲ್ಲಿತ್ತು. ಬರೆದದ್ದು "ಇಫ್ ಕೋಲಾರ್ ಫಾರ್ಮರ್ಸ್..." ಅಂತ. ಗೈಡ್ ಪಕ್ಕದಲ್ಲಿ "ಇಲ್ಲದಿದ್ದರೆ?" ಅಂತ ಬರೆದಿದ್ದರು. ಅದು ವ್ಯಂಗ್ಯ ಅಂತ ಇವತ್ತು ಗೊತ್ತಾಯಿತು.

ಮಾಲೂರು_ಗೌಡ

ನೀವು ಕೋಲಾರ ಅಂತೀರಿ, ಬೆಂಗಳೂರಿನ ಕೊಳಚೆ ನೀರನ್ನು ಶುದ್ಧಮಾಡಿ ಬಿಡುವ ಕೆ.ಸಿ. ವ್ಯಾಲಿ ಯೋಜನೆಯ ನೀರು ಕೆರೆಗಳಿಗೆ ಬಂದಿರುವುದನ್ನು ಬರೆದಿದ್ದೀರಾ? ಸುಮ್ನೆ ಕೊಳವೆಬಾವಿ ಕೊಳವೆಬಾವಿ ಅಂತ ಹಳೇ ಕಥೆ ಹೇಳಬೇಡಿ. ನಮ್ಮ ಹೊಲದಲ್ಲೂ ಡ್ರಿಪ್ ಇದೆ. ಮೊದಲು ಒಂದು ಎಕರೆಗೆ ಹರಿಸುತ್ತಿದ್ದ ನೀರಿನಲ್ಲಿ ಈಗ ಎರಡು ಎಕರೆ ಮಾಡುತ್ತಿದ್ದೇವೆ. ನೀರು ಎತ್ತುವುದು ಯಾಕೆ ಕಡಿಮೆ ಆಗುತ್ತೆ ಹೇಳಿ? ಕರೆಂಟ್ ಇರುವಷ್ಟು ಹೊತ್ತು ಮೋಟಾರ್ ಓಡುತ್ತೆ.

ಹಳೇಮೇಷ್ಟ್ರು

ಗೌಡರೇ, ನೀವು ವ್ಯಾಕರಣ ಮಾತಾಡಲಿಲ್ಲ ಅಂದುಕೊಂಡಿದ್ದೀರಿ, ಆದರೆ ಇಡೀ ಪ್ಯಾರಾವನ್ನು ರಿಪೇರಿ ಮಾಡಿಬಿಟ್ಟಿರಿ. ಉಳಿದ ನೀರಿನಲ್ಲಿ ಹೊಲ ದೊಡ್ಡದಾಯಿತು, ಹಾಗಾಗಿ ಎತ್ತುವ ನೀರು ಇಳಿಯಲಿಲ್ಲ, ಆದರೆ ಟೊಮೆಟೊ ಜಾಸ್ತಿ ಬಂತು, ಅದಕ್ಕೇ ತೃಪ್ತಿ. ನೋಡಿ, ಇಲ್ಲಿ ಎಲ್ಲ ಒಂದಕ್ಕೊಂದು ತಾನಾಗಿ ಹೊಂದಿಕೊಳ್ಳುತ್ತದೆ. ಕೆರೆದಂಡೆ ಅವರ ಪ್ಯಾರಾದಲ್ಲಿ ಈ ನಡುವಿನ ಮಾತೇ ಇಲ್ಲ. ಮಾತು ಇಲ್ಲದ ಜಾಗದಲ್ಲಿ ವೇರಾಸ್, ನಾಟ್‌ವಿತ್‌ಸ್ಟ್ಯಾಂಡಿಂಗ್ ತುರುಕಿದ್ದಾರೆ.

ಕೆರೆದಂಡೆ

ಗೌಡರು ಹೇಳಿದ್ದು ನನ್ನ ನೋಟ್ಸಿನಲ್ಲೂ ಇದೆ ಸರ್, ಬೇರೆ ಅಧ್ಯಾಯಕ್ಕೆ ಅಂತ ಎತ್ತಿಟ್ಟಿದ್ದೆ. ಕೆ.ಸಿ. ವ್ಯಾಲಿ ಸೇರಿಸುತ್ತೇನೆ, ಥ್ಯಾಂಕ್ಸ್. ನಾಟ್‌ವಿತ್‌ಸ್ಟ್ಯಾಂಡಿಂಗ್ ಬಗ್ಗೆ ಯಾರಾದರೂ ಹೇಳಿ. ಆಲ್ದೋಗೆ ಅದು ದೊಡ್ಡ ಮನೆಯ ಅಣ್ಣ ಅಂತ ತಿಳಿದಿದ್ದೆ.

ಧಾರವಾಡ_ವಕೀಲ

ಇದು ನಮ್ಮ ಪೇಟೆಯ ಸರಕು, ನಾನು ಹೇಳ್ತೀನಿ. ಸಂವಿಧಾನದ 246ನೇ ವಿಧಿ ತೆಗೆದು ನೋಡ್ರಿ. ಸಂಸತ್ತು ಯಾವುದಕ್ಕೆ ಕಾನೂನು ಮಾಡಬಹುದು, ರಾಜ್ಯಗಳು ಯಾವುದಕ್ಕೆ ಅಂತ ಹಂಚುವ ವಿಧಿ. ಮೊದಲನೇ ಖಂಡ ಸಂಸತ್ತಿನದು. ಅದು ಶುರುವಾಗುವುದೇ "ನಾಟ್‌ವಿತ್‌ಸ್ಟ್ಯಾಂಡಿಂಗ್" ಅಂತ: ಎರಡು ಮತ್ತು ಮೂರನೇ ಖಂಡದಲ್ಲಿ ಏನೇ ಇದ್ದರೂ ಕೇಂದ್ರ ಪಟ್ಟಿಯ ವಿಷಯ ಸಂಸತ್ತಿಗೇ ಸೇರಿದ್ದು. ಮೂರನೇ ಖಂಡ ರಾಜ್ಯದ್ದು. ಅದು ಶುರುವಾಗುವುದು "ಸಬ್ಜೆಕ್ಟ್ ಟು" ಅಂತ: ಒಂದು ಮತ್ತು ಎರಡಕ್ಕೆ ಒಳಪಟ್ಟು. ನಡುವಿನ ಎರಡನೇ ಖಂಡ ಸಮವರ್ತಿ ಪಟ್ಟಿಯದು, ಅದರಲ್ಲಿ ಎರಡೂ ಪದ ಇವೆ. ಮೂರರಲ್ಲಿ ಏನೇ ಇದ್ದರೂ, ಆದರೆ ರಾಜ್ಯಗಳ ಮಟ್ಟಿಗೆ ಒಂದಕ್ಕೆ ಒಳಪಟ್ಟು. ಮೆಟ್ಟಿಲು ಇದ್ದಂಗ.

ಅಂದರೆ ನಾಟ್‌ವಿತ್‌ಸ್ಟ್ಯಾಂಡಿಂಗ್ ಇರುವುದು ಜಗಳ ಬಂದರೆ ಯಾರು ಗೆಲ್ಲುತ್ತಾರೆ ಅಂತ ಹೇಳುವುದಕ್ಕೆ. ಅದು ಯಾವುದನ್ನು ಹಿಡಿದುಕೊಂಡಿದೆಯೋ ಅದು ಸೋಲುತ್ತದೆ. ಸಬ್ಜೆಕ್ಟ್ ಟು ಯಾವುದನ್ನು ಹಿಡಿದುಕೊಂಡಿದೆಯೋ ಅದು ಗೆಲ್ಲುತ್ತದೆ. ನನ್ನ ಜೂನಿಯರ್ ಒಬ್ಬ ಕರಾರಿನ ಕರಡಿನಲ್ಲಿ ಇವೆರಡನ್ನು ಅದಲು ಬದಲು ಮಾಡಿದ್ದ. ಕಕ್ಷಿದಾರರಿಗೆ ಸಿಗಬೇಕಾದ ಹಕ್ಕು ಎದುರಿನವರಿಗೆ ಹೋಗುತ್ತಿತ್ತು. ಸಹಿಗೆ ಮುಂಚೆ ಕಣ್ಣಿಗೆ ಬಿತ್ತು, ಪುಣ್ಯ.

ಕನ್ನಡ ಕಾನೂನುಗಳಲ್ಲಿ ಇದಕ್ಕೆ "ಏನೇ ಒಳಗೊಂಡಿದ್ದರೂ" ಅಂತ ಬರೆಯುತ್ತಾರೆ.

ಪುಟತಿದ್ದುವವಳು

ವಿಜ್ಞಾನ ಜರ್ನಲ್‌ಗಳಿಗೆ ಕಾಪಿ ಎಡಿಟಿಂಗ್ ಮಾಡುತ್ತೇನೆ. ವಕೀಲರ ಮಾತು ಥೀಸಿಸ್‌ಗೂ ಅನ್ವಯಿಸುತ್ತದೆ, ಸೋತವರನ್ನು ನೆನಪಿಟ್ಟುಕೊಂಡರೆ ಸಾಕು. ಕೆರೆದಂಡೆ ಅವರ ವಾಕ್ಯದಲ್ಲಿ ನಾಟ್‌ವಿತ್‌ಸ್ಟ್ಯಾಂಡಿಂಗ್ ಆದಮೇಲೆ ಕಾಮಾ ಇದೆ. ಸೋತದ್ದು ಯಾವುದು ಅಂತ ಹೇಳಿಯೇ ಇಲ್ಲ. ಮುಚ್ಚಿದ ತೂತಾ, ಇಳಿಯದ ನೀರಾ? ಆ ಪದಕ್ಕೆ ಹಿಡಿದುಕೊಳ್ಳಲು ಒಂದು ನಾಮಪದ ಬೇಕು: ಈ ತೊಂದರೆಗಳು, ಖರ್ಚು, ಹೀಗೆ ಏನಾದರೂ.

ಒಂದು ಮಜಾ ಇದೆ. ಇಂಗ್ಲಿಷಿನಲ್ಲಿ ಇದು ನಾಮಪದದ ಹಿಂದೆಯೂ ಬರಬಹುದು. "ದೀಸ್ ಪ್ರಾಬ್ಲಮ್ಸ್ ನಾಟ್‌ವಿತ್‌ಸ್ಟ್ಯಾಂಡಿಂಗ್" ಅನ್ನಬಹುದು. ಡಿಸ್ಪೈಟ್‌ಗೆ ಆ ಭಾಗ್ಯ ಇಲ್ಲ, ಅದು ಯಾವಾಗಲೂ ಮುಂದೆಯೇ. ಹಿಂದೆ ಬಂದಾಗ ಸರಿಯಾಗಿ ನಮ್ಮ "ಈ ತೊಂದರೆಗಳಿದ್ದರೂ" ಥರ ಕೇಳಿಸುತ್ತದೆ. ಆದರೂ ನನ್ನ ಸಲಹೆ ಏನಂದರೆ, ಥೀಸಿಸ್‌ನಲ್ಲಿ ಡಿಸ್ಪೈಟ್ ಸಾಕು. ಟೊಮೆಟೊ ಹೊಲಕ್ಕೆ ಕರಿ ಕೋಟು ಬೇಡ.

ಹಳೇಮೇಷ್ಟ್ರು

ಒಂದು ಸಣ್ಣ ತಕರಾರು. ಹಿಡಿದುಕೊಳ್ಳಲು ನಾಮಪದ ಬೇಕೇ ಬೇಕು ಅಂತಿಲ್ಲ. ಒಂಟಿಯಾಗಿ, "ಆದರೂ" ಅನ್ನುವ ಅರ್ಥದಲ್ಲಿ ಬರುವುದನ್ನು ನಿಘಂಟುಗಳು ಒಪ್ಪುತ್ತವೆ.

ಪುಟತಿದ್ದುವವಳು

ಒಪ್ಪುತ್ತವೆ ಸರ್. ಆದರೆ ನನ್ನ ಟೇಬಲ್ಲಿಗೆ ಬಂದ ಒಂಟಿ ನಾಟ್‌ವಿತ್‌ಸ್ಟ್ಯಾಂಡಿಂಗ್‌ಗಳಲ್ಲಿ ಹೆಚ್ಚಿನವುಗಳಿಗೆ ಬರೆದವರಿಗೇ ಅರ್ಥ ಗೊತ್ತಿರಲಿಲ್ಲ. ಕೇಳಿದಾಗ ಒಬ್ಬರು "ನೆವರ್‌ದಿಲೆಸ್" ಅಂದರು, ಇನ್ನೊಬ್ಬರು "ಆದ್ದರಿಂದ" ಅಂದರು. ನಿಘಂಟಿನಲ್ಲಿ ಜಾಗ ಇದೆ ಅಂತ ಹೊಲದಲ್ಲಿ ಬಿತ್ತಬೇಕಾ?

ಹಳೇಮೇಷ್ಟ್ರು

ಹೂಂ. ಪೂರ್ತಿ ಒಪ್ಪಲಿಲ್ಲ, ಆದರೆ ಬಿಡುತ್ತೇನೆ.

ಸುಮ_ಕೋಚಿಂಗ್

ನನ್ನದೊಂದು ಪ್ರಶ್ನೆ. ಆಲ್ದೋ ಹಾಕಿದಮೇಲೆ ನಡುವೆ ಬಟ್ ಹಾಕಬಾರದು ಅಂತ ಹೇಳಿ ಹೇಳಿ ಸಾಕಾಗಿದೆ, ಆದರೂ ಮಕ್ಕಳು ಹಾಕುತ್ತಾರೆ. ಅದು ಯಾಕೆ?

ಡೆಸ್ಕ್_ರಾತ್ರಿಪಾಳಿ

ನಮ್ಮ ಭಾಷೆಯಲ್ಲಿ ಗುರುತು ಮೊದಲ ತುಂಡಿನ ಬಾಲದಲ್ಲಿ ಇರುತ್ತದೆ. "ಮಳೆ ಬಂದರೂ ಕೆರೆ ತುಂಬಲಿಲ್ಲ." ಆ "-ರೂ" ಸರಿಯಾಗಿ ನಡುವೆ, ಎರಡು ತುಂಡು ಕೂಡುವಲ್ಲಿ ಕೂತಿದೆ. ಇಂಗ್ಲಿಷಿನ ಆಲ್ದೋ ತಲೆಯಲ್ಲೇ ಬಂದು ಮುಗಿದುಹೋಗುತ್ತದೆ, ನಡುವೆ ಖಾಲಿ ಖಾಲಿ ಅನಿಸುತ್ತದೆ. ಆ ಖಾಲಿಗೆ ಬಟ್ ತುಂಬುತ್ತಾರೆ ಅಂತ ನನ್ನ ಊಹೆ. ಬೇರೆ ಭಾಷೆಯವರೂ ಈ ತಪ್ಪು ಮಾಡುತ್ತಾರೆ, ಹಾಗಾಗಿ ಇದೊಂದೇ ಕಾರಣ ಅಂತ ಹಟ ಮಾಡಲ್ಲ.

ಪುಟತಿದ್ದುವವಳು

ಆಲ್ದೋ ಬಂತಲ್ಲ, ಇನ್ನೊಂದು ಹೇಳಿಬಿಡುತ್ತೇನೆ. ವೇರಾಸ್ ತುಂಡುಗಳನ್ನು ತಿರುಗಿಸಬಹುದು ಅಂತ ಮೇಷ್ಟ್ರು ಹೇಳಿದರು. ಆಲ್ದೋ ತುಂಡುಗಳನ್ನು ತಿರುಗಿಸಿದರೆ ತೂಕ ಬದಲಾಗುತ್ತದೆ. "ಎತ್ತುವ ನೀರು ಕಡಿಮೆಯಾಗದಿದ್ದರೂ ರೈತರಿಗೆ ತೃಪ್ತಿಯಿದೆ" ಅಂದರೆ ಮುಂದಿನ ವಾಕ್ಯ ತೃಪ್ತಿಯ ಬಗ್ಗೆ ಬರಬೇಕು. "ರೈತರಿಗೆ ತೃಪ್ತಿಯಿದ್ದರೂ ಎತ್ತುವ ನೀರು ಕಡಿಮೆಯಾಗಿಲ್ಲ" ಅಂದರೆ ಅಂತರ್ಜಲದ ಕಡೆ ಹೋಗುತ್ತೀರಿ ಅಂತ ಓದುವವನು ಕಾಯುತ್ತಾನೆ. ಸಂಗತಿ ಎರಡೂ ಅವೇ. ಮುಂದೆ ಎಲ್ಲಿಗೆ ಹೋಗಬೇಕು ಅಂತ ಮೊದಲು ಗೊತ್ತಿರಬೇಕು.

ಕೆರೆದಂಡೆ

ಎರಡು ದಿನ ಕೂತು ಮತ್ತೆ ಬರೆದೆ. ನೋಡಿ ಹೇಳಿ:

"ನಾವು ಮಾತಾಡಿಸಿದ ರೈತರಲ್ಲಿ ಹೆಚ್ಚಿನವರು ಹನಿ ನೀರಾವರಿ ಹಾಕಿಸಿದ್ದಾರೆ, ಬಿಕಾಸ್ ಸರ್ಕಾರದ ಸಬ್ಸಿಡಿ ಇದೆ. ಹೌಎವರ್, ಕೊಳವೆಬಾವಿಯಿಂದ ಎತ್ತುವ ನೀರು ಕಡಿಮೆಯಾಗಿಲ್ಲ. ಉಳಿದ ನೀರಿನಲ್ಲಿ ಅವರು ಹೆಚ್ಚು ಜಮೀನಿಗೆ ಬೆಳೆ ಇಟ್ಟಿದ್ದಾರೆ. ಡಿಸ್ಪೈಟ್ ಡ್ರಿಪ್ಪರ್‌ಗಳ ತೊಂದರೆ, ರೈತರಿಗೆ ಇದರಿಂದ ತೃಪ್ತಿಯಿದೆ."

ಮೂರನೇ ವಾಕ್ಯಕ್ಕೆ ಏನೂ ಹಾಕಲಿಲ್ಲ, ಬೇಕು ಅನಿಸಲಿಲ್ಲ.

ಹಳೇಮೇಷ್ಟ್ರು

ಮೂರನೇ ವಾಕ್ಯಕ್ಕೆ ಏನೂ ಹಾಕದೇ ಇದ್ದದ್ದೇ ಇದರಲ್ಲಿ ನನಗೆ ಹೆಚ್ಚು ಇಷ್ಟವಾಯಿತು. ಕಾರಣ ತಾನೇ ಕಾಣುತ್ತಿರುವಾಗ ಬೋರ್ಡು ಬೇಕಿಲ್ಲ. ಆದರೆ ಮೊದಲ ಸಾಲಿನ ಬಿಕಾಸ್ ಬಗ್ಗೆ ಕೇಳಬೇಕು. ಸಬ್ಸಿಡಿ ಇದೆ ಅನ್ನುವುದು ನಿಮಗೆ ಗೊತ್ತು. ಡ್ರಿಪ್ ಹಾಕಿಸಿದ್ದಾರೆ ಅನ್ನುವುದೂ ಗೊತ್ತು. ಸಬ್ಸಿಡಿಗಾಗಿಯೇ ಹಾಕಿಸಿದರು ಅನ್ನುವುದು ಮೂರನೇ ಮಾತು. ಆ ಮಾತನ್ನು ಯಾವ ವಾಕ್ಯವೂ ಹೇಳುತ್ತಿಲ್ಲ, ಬಿಕಾಸ್ ಒಂದೇ ಹೇಳುತ್ತಿದೆ. ಅದಕ್ಕೆ ನಿಮ್ಮ ಹತ್ತಿರ ಸಾಕ್ಷಿ ಇದೆಯಾ?

ಮಾಲೂರು_ಗೌಡ

ನಾನು ಹಾಕಿಸಿದ್ದು ಆಳು ಸಿಗಲ್ಲ ಅಂತ. ಕಾಲುವೆ ತಿರುಗಿಸಲು ರಾತ್ರಿ ಹೊತ್ತು ಯಾರು ಬರ್ತಾರೆ? ಸಬ್ಸಿಡಿ ಆಮೇಲೆ ಸಿಕ್ಕಿತು, ಬೇಡ ಅನ್ನಲಿಲ್ಲ.

ಕೆರೆದಂಡೆ

ಪ್ರಶ್ನಾವಳಿ ತೆಗೆದು ನೋಡಿದೆ. "ಸಬ್ಸಿಡಿ ಪಡೆದಿದ್ದೀರಾ?" ಅಂತ ಇದೆ. "ಯಾಕೆ ಹಾಕಿಸಿದಿರಿ?" ಅಂತ ಎಲ್ಲೂ ಇಲ್ಲ. ಮೋರೋವರ್ ಇದ್ದಾಗ ಇದು ನನಗೇ ಕಂಡಿರಲಿಲ್ಲ.

ಪುಟತಿದ್ದುವವಳು

ಹಾಗಾದರೆ ಸದ್ಯಕ್ಕೆ "ಹೆಚ್ಚಿನವರು ಹಾಕಿಸಿದ್ದಾರೆ, ಅವರಲ್ಲಿ ಇಷ್ಟು ಜನ ಸಬ್ಸಿಡಿ ಪಡೆದಿದ್ದಾರೆ" ಅಂತ ಬರೆದು ನಿಲ್ಲಿಸಿ. ನಿಮ್ಮ ಬಳಿ ಇರುವುದು ಅಷ್ಟೇ. ಕಾರಣ ಬೇಕೇ ಬೇಕು ಅಂದರೆ ಮತ್ತೆ ಕೇಳಬೇಕು. ರೈತರ ಫೋನ್ ನಂಬರ್ ಇದೆಯಾ?

ಕೆರೆದಂಡೆ

ಅರ್ಧ ಜನರದ್ದು ಇದೆ. ಸಂಜೆ ಏಳರ ಮೇಲೆ ಎತ್ತುತ್ತಾರೆ. ನಾಳೆಯಿಂದ ಶುರು ಮಾಡುತ್ತೇನೆ.

ಬಾಡಿಗೆಮನೆ_78

ಎಲ್ಲಾ ಓದಿದೆ. ಹಾಗಾದರೆ ನನ್ನ ಅಗ್ರಿಮೆಂಟಿನ ವೇರಾಸ್ ತೆಗೆಸಬೇಕಾ, ಬೇಡವಾ?

ಧಾರವಾಡ_ವಕೀಲ

ಬ್ಯಾಡ್ರಿ, ಇರಲಿ. ಅಡ್ವಾನ್ಸ್ ಎಷ್ಟು ತಿಂಗಳದ್ದು ಅಂತ ಬರೆದಾರ, ಅದನ್ನ ನೋಡ್ರಿ ಮೊದಲು.